ಯಾವ ನೂರಕ್ಕೆ?

ನಮ್ಮ ಕಡೆ ಹಳ್ಳಿಗಳಲ್ಲಿ ಕೈಸಾಲದ ಮಾತು ಬಂದರೆ ಶೇಕಡಾ ಎಂಬ ಪದವೇ ಬರುವುದಿಲ್ಲ. ‘ಎರಡು ರೂಪಾಯಿ ಬಡ್ಡಿ’ ಎನ್ನುತ್ತಾರೆ. ನೂರು ರೂಪಾಯಿ ಅಸಲಿಗೆ ತಿಂಗಳಿಗೆ ಎರಡು ರೂಪಾಯಿ ಎಂದು ಅದರ ಅರ್ಥ. ಸಾಲ ಕೊಟ್ಟವರು ‘ಯುಗಾದಿಯಿಂದ ಮೂರು ರೂಪಾಯಿ ಆಗುತ್ತೆ ನೋಡು’ ಎಂದರೆ, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಎರಡು ಸಂಗತಿ ಒಟ್ಟಿಗೇ ಹೊಳೆಯುತ್ತವೆ. ಒಂದು, ನೂರಕ್ಕೆ ಒಂದು ರೂಪಾಯಿ ಜಾಸ್ತಿಯಾಯಿತು. ಇನ್ನೊಂದು, ತಾನು ತಿಂಗಳು ತಿಂಗಳು ಕೊಡುತ್ತಿದ್ದ ಬಡ್ಡಿ ಒಂದೂವರೆ ಪಟ್ಟಾಯಿತು. ಹತ್ತು ಸಾವಿರದ ಸಾಲಕ್ಕೆ ಇನ್ನೂರು ಕೊಡುತ್ತಿದ್ದವಳು ಇನ್ನು ಮುನ್ನೂರು ಹೊಂದಿಸಬೇಕು. ಇದಕ್ಕೆ ಅವಳಿಗೆ ಕಾಗದ, ಪೆನ್ನು ಬೇಡ.

ಇದೇ ಸುದ್ದಿಯನ್ನು ನಾವು ಓದುಬರಹ ಬಲ್ಲವರ ಭಾಷೆಯಲ್ಲಿ ಹೇಳಿ ನೋಡಿ: ‘ಬಡ್ಡಿ ದರದಲ್ಲಿ ಶೇ 1ರಷ್ಟು ಏರಿಕೆ.’ ಅಜ್ಜಿಗೆ ತಿಳಿದ ಎರಡನೆಯ ಸಂಗತಿ ಇಲ್ಲಿ ಕಾಣೆಯಾಗಿದೆ. ಅಷ್ಟೇ ಅಲ್ಲ, ಒಂದು ಸುಳ್ಳೂ ಒಳಗೆ ನುಸುಳಿಕೊಂಡಿದೆ. ಶೇ 1ರಷ್ಟು ಎಂದರೆ ನೂರರಲ್ಲಿ ಒಂದು ಪಾಲು. ಇನ್ನೂರು ರೂಪಾಯಿ ಬಡ್ಡಿ ನೂರರಲ್ಲಿ ಒಂದು ಪಾಲು ಏರಿದರೆ ಇನ್ನೂರ ಎರಡಾಗಬೇಕು. ಆದದ್ದು ಮುನ್ನೂರು.

ಈ ತಪ್ಪು ಎಷ್ಟು ದುಬಾರಿಯಾಗಬಹುದು ಎಂಬುದು ನನಗೆ ಮನದಟ್ಟಾದದ್ದು ನಮ್ಮ ಭಾವನ ಮನೆಸಾಲದಿಂದ. 2022ರ ಆರಂಭದಲ್ಲಿ ಅವರು ಮೂವತ್ತು ಲಕ್ಷ ಸಾಲ ಮಾಡಿ ಮನೆ ಕೊಂಡರು. ಅವಧಿ ಇಪ್ಪತ್ತು ವರ್ಷ, ಬಡ್ಡಿ ಶೇ 6.65, ತಿಂಗಳ ಕಂತು 22,633 ರೂಪಾಯಿ. ಬಡ್ಡಿ ಇಷ್ಟು ಅಗ್ಗವಾಗಿದ್ದ ಕಾಲ ಅದು. ಕೊರೊನಾ ಹೊಡೆತಕ್ಕೆ ರಿಸರ್ವ್ ಬ್ಯಾಂಕ್ ತನ್ನ ರೆಪೊ ದರವನ್ನು 2020ರ ಮೇ ತಿಂಗಳಲ್ಲಿ ಶೇ 4ಕ್ಕೆ ಇಳಿಸಿತ್ತು, ಎರಡು ವರ್ಷ ಅಲ್ಲೇ ಇರಿಸಿತ್ತು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅಲ್ಪಾವಧಿಗೆ ಹಣ ಕೊಡುವ ದರ ಇದು. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಹೊಸ ಚರ ಬಡ್ಡಿಯ ಮನೆಸಾಲವನ್ನು ತಮ್ಮ ಹೊರಗಿನ ಒಂದು ದರಕ್ಕೆ ಕಟ್ಟಿಹಾಕಲೇಬೇಕೆಂಬ ನಿಯಮ ಬಂದಿದೆ. ಹೆಚ್ಚಿನ ಬ್ಯಾಂಕುಗಳು ಆರಿಸಿಕೊಂಡದ್ದು ರೆಪೊ ದರವನ್ನೇ. ಭಾವನ ಸಾಲಪತ್ರದಲ್ಲೂ ಹಾಗೇ ಇತ್ತು: ರೆಪೊ ದರದ ಮೇಲೆ 2.65.

2022ರ ಮೇ 4ರಂದು, ನಿಗದಿಯಾದ ಸಭೆಗೂ ಮೊದಲೇ, ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ರೆಪೊ ದರ 4.40ಕ್ಕೆ ಏರಿದ್ದನ್ನು ಪ್ರಕಟಿಸಿದರು. ಬೆಲೆ ಏರಿಕೆಗೆ ಕಡಿವಾಣ ಹಾಕಲು ಶುರುವಾದ ಏರಿಕೆ ಜೂನ್, ಆಗಸ್ಟ್, ಸೆಪ್ಟೆಂಬರ್, ಡಿಸೆಂಬರ್ ಎಂದು ಮುಂದುವರಿದು 2023ರ ಫೆಬ್ರುವರಿ 8ಕ್ಕೆ 6.50ರಲ್ಲಿ ನಿಂತಿತು. ಒಂಬತ್ತು ತಿಂಗಳಲ್ಲಿ ನಾಲ್ಕು ಆರೂವರೆಯಾಯಿತು.

ಭಾವ ಇದನ್ನೆಲ್ಲ ಪತ್ರಿಕೆಯಲ್ಲಿ ಓದುತ್ತಲೇ ಇದ್ದರು. ಒಂದು ಭಾನುವಾರ ಊಟಕ್ಕೆ ಕೂತಾಗ ನಾನು ಕೇಳಿದೆ, “ಭಾವ, ಕಂತು ಜಾಸ್ತಿ ಆಗುತ್ತಲ್ಲ, ಏನ್ಮಾಡ್ತೀರಿ?”

“ಎಲ್ಲಾ ಸೇರಿ ಎರಡೂವರೆ ಪರ್ಸೆಂಟು ಕಣೋ. ಇಪ್ಪತ್ತೆರಡು ಸಾವಿರಕ್ಕೆ ಎರಡೂವರೆ ಪರ್ಸೆಂಟು ಅಂದ್ರೆ ಐನೂರು ಚಿಲ್ಲರೆ. ನಂಗೆ ಈ ಸಲ ಸಂಬಳ ಎಂಟು ಪರ್ಸೆಂಟು ಏರಿದೆ” ಎಂದರು ಅವರು, ನಿರಾಳವಾಗಿ.

ಲೆಕ್ಕದಲ್ಲಿ ಅವರು ದಡ್ಡರಲ್ಲ. 22,633ರ ಶೇ 2.5 ಎಂದರೆ 566 ರೂಪಾಯಿ, ಸರಿಯಾಗೇ ಇದೆ. ಆದರೆ ಬ್ಯಾಂಕಿನಿಂದ ಬಂದ ಹೊಸ ಕಂತು ಇಪ್ಪತ್ತೇಳು ಸಾವಿರ ದಾಟಿತ್ತು. ಭಾವ ಮೊದಲು ಮಾಡಿದ ಕೆಲಸ ಬ್ಯಾಂಕಿಗೆ ಹೋಗಿ ಜಗಳ ತೆಗೆದದ್ದು. ಬ್ಯಾಂಕಿನವರು ತಪ್ಪು ಮಾಡಿರಲಿಲ್ಲ. ಅವರು ತೋರಿಸಿದ ತಃಖ್ತೆಯಲ್ಲಿ ಪೈಸೆ ಪೈಸೆಯೂ ಸರಿಯಿತ್ತು. ‘ಎರಡೂವರೆ ಪರ್ಸೆಂಟು’ ಎಂಬ ಮಾತಿನೊಳಗೇ ತಪ್ಪು ಅವಿತು ಕೂತಿತ್ತು.

ಶೇಕಡಾ ಎಂದರೆ ನೂರಕ್ಕೆ. ಹಾಗಾಗಿ ಅದನ್ನು ಕೇಳಿದಾಗಲೆಲ್ಲ ಹುಟ್ಟಬೇಕಾದ ಪ್ರಶ್ನೆ ಒಂದೇ: ಯಾವ ನೂರಕ್ಕೆ? ಬಡ್ಡಿ ದರ ಶೇ 6.65 ಎಂದಾಗ ಆ ನೂರು ಅಸಲಿನ ನೂರು. ಬಾಕಿ ಇರುವ ಪ್ರತಿ ನೂರು ರೂಪಾಯಿ ಅಸಲಿಗೆ ವರ್ಷಕ್ಕೆ ಆರು ರೂಪಾಯಿ ಅರವತ್ತೈದು ಪೈಸೆ. ದರ 9.15ಕ್ಕೆ ಹೋದರೆ ಅದೇ ಅಸಲಿನ ನೂರಕ್ಕೆ ಎರಡೂವರೆ ರೂಪಾಯಿ ಹೆಚ್ಚು. ಇದು ಎರಡು ಶೇಕಡಾಗಳ ನಡುವಿನ ಅಂತರ, ಒಂದರಿಂದ ಇನ್ನೊಂದನ್ನು ಕಳೆದರೆ ಸಿಕ್ಕಿದ್ದು. ಇದನ್ನು ಶೇಕಡಾ ಎನ್ನಬಾರದು. ಶೇಕಡಾವಾರು ಅಂಶ ಅಥವಾ ಪರ್ಸೆಂಟೇಜ್ ಪಾಯಿಂಟ್ ಎನ್ನಬೇಕು. ಭಾವನ ಬಡ್ಡಿ ಏರಿದ್ದು 2.5 ಅಂಶ.

ಭಾವ ಆ ಎರಡೂವರೆಯನ್ನು ಕಂತಿನ ನೂರಕ್ಕೆ ಹಚ್ಚಿದರು. ಅಸಲಿನ ನೂರಕ್ಕೆ ಸೇರಿದ್ದನ್ನು ಕಂತಿನ ನೂರಕ್ಕೆ ಎತ್ತಿಟ್ಟರೆ ಮೂವತ್ತು ಲಕ್ಷದ ಮೇಲೆ ಬೀಳಬೇಕಾದ ಭಾರ ಇಪ್ಪತ್ತೆರಡು ಸಾವಿರದ ಮೇಲೆ ಬಿದ್ದಂತೆ ಕಾಣುತ್ತದೆ. ಅದಕ್ಕೇ ಅದು ಅಷ್ಟು ಹಗುರಾಗಿ ತೋರಿದ್ದು.

ಲೆಕ್ಕವನ್ನು ಒಮ್ಮೆ ಪೂರ್ತಿ ಮಾಡೋಣ. ಸುಲಭವಾಗಲೆಂದು ಅಸಲು ಮೂವತ್ತು ಲಕ್ಷ, ಅವಧಿ ಇಪ್ಪತ್ತು ವರ್ಷ ಹಾಗೇ ಇರಲಿ, ದರ ಮಾತ್ರ ಬದಲಾಗಲಿ. ಮೊದಲ ತಿಂಗಳ ಬಡ್ಡಿಯನ್ನು ಯಾರು ಬೇಕಾದರೂ ಹಾಕಬಹುದು. ಮೂವತ್ತು ಲಕ್ಷವನ್ನು 6.65ರಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು ಹನ್ನೆರಡು ತಿಂಗಳಿಗೆ ಹಂಚಿ: 16,625 ರೂಪಾಯಿ. ಇದನ್ನೇ 9.15ಕ್ಕೆ ಮಾಡಿದರೆ 22,875. ಏರಿಕೆ 6,250 ರೂಪಾಯಿ. ಹಳೆಯ ಬಡ್ಡಿಗೆ ಹೋಲಿಸಿದರೆ ಇದು ಶೇ 37.6ರಷ್ಟು ಏರಿಕೆ. ಇಲ್ಲಿ ‘ಶೇ’ ಬಳಸಿದ್ದು ಸರಿ, ಏಕೆಂದರೆ ಈಗಿನ ನೂರು ಹಳೆಯ ಬಡ್ಡಿಯ ನೂರು: ಮೊದಲು ನೂರು ರೂಪಾಯಿ ಬಡ್ಡಿ ಕೊಡುತ್ತಿದ್ದ ಕಡೆ ಈಗ ನೂರ ಮೂವತ್ತೇಳು ರೂಪಾಯಿ ಅರವತ್ತು ಪೈಸೆ ಕೊಡಬೇಕು.

ಆದರೂ ಕಂತು ಶೇ 37.6ರಷ್ಟು ಏರುವುದಿಲ್ಲ. 22,633 ಇದ್ದದ್ದು 27,282 ಆಗುತ್ತದೆ. ಅಂದರೆ ಶೇ 20.5ರಷ್ಟು. ಕಂತಿನಲ್ಲಿ ಬಡ್ಡಿಯ ಜೊತೆಗೆ ಅಸಲಿನ ತುಣುಕೂ ಇರುವುದೇ ಇದಕ್ಕೆ ಕಾರಣ. ಮೊದಲ ಕಂತಿನಲ್ಲಿ 16,625 ಬಡ್ಡಿಗೆ ಹೋಗಿ 6,008 ಅಸಲಿಗೆ ಜಮೆಯಾಗುತ್ತಿತ್ತು. ಹೊಸ ಕಂತಿನಲ್ಲಿ 22,875 ಬಡ್ಡಿಗೆ ಹೋಗಿ ಅಸಲಿಗೆ ಉಳಿಯುವುದು 4,407 ಮಾತ್ರ. ಬಡ್ಡಿಯ ಭಾಗ ಉಬ್ಬಿತು, ಅಸಲಿನ ಭಾಗ ಕುಗ್ಗಿತು, ಎರಡೂ ಸೇರಿದ ಮೊತ್ತ ಐದನೆಯ ಒಂದು ಪಾಲಿನಷ್ಟು ಏರಿತು.

ಒಂದೇ ಘಟನೆಗೆ ಈಗ ನಮ್ಮ ಬಳಿ ನಾಲ್ಕು ಸಂಖ್ಯೆಗಳಿವೆ. ರೆಪೊ ದರ ನಾಲ್ಕರಿಂದ ಆರೂವರೆಗೆ ಹೋದದ್ದು 2.5 ಅಂಶ. ಅದನ್ನೇ ಹಳೆಯ ದರಕ್ಕೆ ಹೋಲಿಸಿದರೆ ಶೇ 62.5. ಭಾವನ ಬಡ್ಡಿಯ ಏರಿಕೆ ಶೇ 37.6. ಕಂತಿನ ಏರಿಕೆ ಶೇ 20.5. ನಾಲ್ಕೂ ನಿಜ. ಪ್ರತಿಯೊಂದರ ನೂರು ಬೇರೆ, ಅಷ್ಟೇ.

ಇಲ್ಲಿ ಗಮನಿಸಲೇಬೇಕಾದ ಒಂದು ಸೊಗಸಿದೆ. ರೆಪೊ ದರದಿಂದ ಭಾವನ ಸಾಲಕ್ಕೆ ಬದಲಾಗದೆ ದಾಟಿ ಬಂದದ್ದು ಅಂಶದ ಸಂಖ್ಯೆಯೊಂದೇ. ಅಲ್ಲಿ 2.5 ಏರಿತು, ಇಲ್ಲೂ 2.5 ಏರಿತು, ಮೇಲಿನ 2.65 ಸ್ಥಿರವಾಗಿರುವುದರಿಂದ ಅದು ಹಾಗೇ ಆಗಬೇಕು. ಶೇಕಡಾ ಬದಲಾವಣೆ ಹಾಗೆ ದಾಟುವುದಿಲ್ಲ. ರೆಪೊ ಶೇ 62.5ರಷ್ಟು ಏರಿದೆ ಎಂದು ಓದಿ, ಕಂತೂ ಅಷ್ಟೇ ಏರುತ್ತದೆ ಎಂದು ಗಾಬರಿಪಟ್ಟವರೂ ಭಾವನಷ್ಟೇ ತಪ್ಪಿದಂತೆ, ದಿಕ್ಕು ಮಾತ್ರ ಬೇರೆ. ಹಣಕಾಸಿನ ಮಂದಿ ದರದ ಏರಿಳಿತವನ್ನು ಅಂಶಗಳಲ್ಲೇ ಹೇಳುವುದು ಇದಕ್ಕಾಗಿ. ರಿಸರ್ವ್ ಬ್ಯಾಂಕಿನ ಪ್ರಕಟಣೆಗಳಲ್ಲಿ ‘40 ಬೇಸಿಸ್ ಪಾಯಿಂಟ್ ಏರಿಸಿ 4.40ಕ್ಕೆ’ ಎಂಬ ಮಾದರಿಯ ಮಾತಿರುತ್ತದೆ. ಒಂದು ಅಂಶವನ್ನು ನೂರು ಪಾಲು ಮಾಡಿದರೆ ಒಂದು ಬೇಸಿಸ್ ಪಾಯಿಂಟ್. ಕನ್ನಡ ಪತ್ರಿಕೆಗಳಲ್ಲಿ ಇದಕ್ಕೆ ‘ಮೂಲಾಂಶ’ ಎಂಬ ಮಾತೂ ಇದೆ. ಕೇಳಲು ಬಿಗಿಯಾದ ಪದವೆನಿಸಿದರೂ ಅದು ಬಂದ ಕಡೆ ಅನುಮಾನಕ್ಕೆ ಜಾಗವಿರುವುದಿಲ್ಲ. 250 ಮೂಲಾಂಶ ಎಂದರೆ 2.5 ಅಂಶ, ಅದನ್ನು ಯಾರೂ ಕಂತಿನ ಶೇ 2.5 ಎಂದು ಓದಲಾರರು.

ಭಾವನ ಇನ್ನೊಂದು ಮಾತನ್ನೂ ಬಿಡುವಂತಿಲ್ಲ. ‘ಸಂಬಳ ಎಂಟು ಏರಿದೆ, ಬಡ್ಡಿ ಎರಡೂವರೆ ಏರಿದೆ’ ಎಂದು ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಿದರು. ಎಂಟು ಎಂಬುದು ನಿಜವಾದ ಶೇಕಡಾ ಬದಲಾವಣೆ, ಹಳೆಯ ಸಂಬಳದ ನೂರಕ್ಕೆ ಎಂಟು. ಎರಡೂವರೆ ಎಂಬುದು ಎರಡು ದರಗಳ ನಡುವಿನ ಅಂತರ. ಇವೆರಡನ್ನು ಹೋಲಿಸುವುದು ಸೇರಿನ ಲೆಕ್ಕವನ್ನು ಗಜದ ಲೆಕ್ಕದ ಜೊತೆ ಹೋಲಿಸಿದಂತೆ. ಸಂಬಳ ಅರವತ್ತು ಸಾವಿರವಿದ್ದರೆ ಶೇ 8ರ ಏರಿಕೆ 4,800 ರೂಪಾಯಿ. ನಮ್ಮ ಸರಳ ಲೆಕ್ಕದಲ್ಲಿ ಕಂತಿನ ಏರಿಕೆ 4,649. ವರ್ಷವಿಡೀ ದುಡಿದು ಪಡೆದ ಬಡ್ತಿಯಲ್ಲಿ ಉಳಿಯುವುದು ತಿಂಗಳಿಗೆ ನೂರೈವತ್ತೊಂದು ರೂಪಾಯಿ. ಬಾಯಲ್ಲಿ ಎಂಟು ಎರಡೂವರೆಗಿಂತ ಮೂರು ಪಟ್ಟು ದೊಡ್ಡದು. ಕಿಸೆಯಲ್ಲಿ ಎರಡೂ ಸಮಸಮ.

ಕಂತು ಏರಿಸುವುದು ಬೇಡ, ಹಳೆಯದನ್ನೇ ಕಟ್ಟುತ್ತೇನೆ, ಬೇಕಾದರೆ ನಾಲ್ಕು ವರ್ಷ ಜಾಸ್ತಿಯಾಗಲಿ ಎನ್ನುವವರು ಬಹಳ. ಬ್ಯಾಂಕುಗಳೂ ಸಾಮಾನ್ಯವಾಗಿ ಕಂತನ್ನು ಮುಟ್ಟದೆ ಅವಧಿಯನ್ನು ಎಳೆಯುವ ದಾರಿ ಹಿಡಿಯುತ್ತವೆ. ಎರಡೂವರೆ ಶೇಕಡಾ ಎಂದು ನಂಬಿದವರಿಗೆ ಇದು ಚಿಕ್ಕ ಹೊಂದಾಣಿಕೆಯಂತೆ ಕಾಣುತ್ತದೆ. ಆದರೆ ಮೇಲಿನ ಸಂಖ್ಯೆಗಳನ್ನೇ ಇನ್ನೊಮ್ಮೆ ನೋಡಿ. ಹಳೆಯ ಕಂತು 22,633. ಮೂವತ್ತು ಲಕ್ಷ ಪೂರ್ತಿ ಬಾಕಿಯಿದ್ದರೆ ಹೊಸ ದರದಲ್ಲಿ ತಿಂಗಳ ಬಡ್ಡಿಯೇ 22,875. ಕಂತು ಬಡ್ಡಿಗೂ ಸಾಲದು. ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತಾ ಹೋದರೂ 242 ರೂಪಾಯಿ ಅಸಲಿಗೇ ಸೇರುತ್ತದೆ, ಮರು ತಿಂಗಳು ಆ ಹೆಚ್ಚಿದ ಅಸಲಿಗೂ ಬಡ್ಡಿ. ನಾಲ್ಕು ವರ್ಷ ಎಳೆದರೂ ನಲವತ್ತು ವರ್ಷ ಎಳೆದರೂ ಈ ಸಾಲ ತೀರುವುದಿಲ್ಲ.

ವಾಸ್ತವದಲ್ಲಿ ದರ ಮೆಟ್ಟಿಲು ಮೆಟ್ಟಿಲಾಗಿ ಏರಿತು, ಅಷ್ಟರಲ್ಲಿ ಒಂದಿಷ್ಟು ಅಸಲೂ ತೀರಿರುತ್ತದೆ. ಹಾಗಾಗಿ ಎಲ್ಲರ ಸಾಲವೂ ಈ ಅಂಚು ದಾಟಲಿಲ್ಲ. ಆದರೆ ಬಡ್ಡಿ ಅಗ್ಗವಾಗಿದ್ದಾಗ ದೀರ್ಘಾವಧಿಗೆ ಹೊಸದಾಗಿ ಸಾಲ ಮಾಡಿದವರು ಅದರ ತೀರ ಹತ್ತಿರ ಬಂದರು. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದನ್ನೇ ಕುರಿತದ್ದು. ದರ ಬದಲಾದಾಗ ಕಂತು ಮತ್ತು ಅವಧಿಯ ಮೇಲೆ ಆಗುವ ಪರಿಣಾಮವನ್ನು ಸಾಲಗಾರರಿಗೆ ತಿಳಿಸಬೇಕು; ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂದು ಆಯ್ಕೆ ಕೊಡಬೇಕು; ಅವಧಿ ಎಳೆಯುವುದರಿಂದ ಸಾಲ ಕರಗುವ ಬದಲು ಬೆಳೆಯುವಂತೆ ಆಗಬಾರದು ಎಂದು ಅದು ಹೇಳುತ್ತದೆ. ಭಾವನ ಕೈಯಲ್ಲಿ ಈ ಆಯ್ಕೆಯ ಕಾಗದ ಇದ್ದಿದ್ದರೂ ‘ಐನೂರು ಚಿಲ್ಲರೆ’ಯ ನಂಬಿಕೆಯಲ್ಲಿ ಅವರು ಯಾವುದನ್ನು ಆರಿಸುತ್ತಿದ್ದರೋ ಎಂದು ನೆನೆದರೆ ನನಗೆ ಈಗಲೂ ಕಳವಳವಾಗುತ್ತದೆ.

ಈ ಗೊಂದಲದಲ್ಲಿ ನಮ್ಮ ಬರವಣಿಗೆಯ ಪಾಲೂ ಇದೆ. ಕನ್ನಡದ ವಿಭಕ್ತಿಗಳು ಇಂಥ ಕಡೆ ಬಹಳ ನಿಖರವಾದ ಸಾಧನಗಳು. ‘ಶೇ 4.40ರಿಂದ ಶೇ 4.90ಕ್ಕೆ’ ಎಂದರೆ ಮುಗಿಯಿತು, ಎಲ್ಲವೂ ಆ ‘ರಿಂದ’ ಮತ್ತು ‘ಕ್ಕೆ’ಗಳಲ್ಲಿದೆ. ಓದುವವರು ಅಂಶ ಬೇಕಾದರೆ ಕಳೆದುಕೊಳ್ಳುತ್ತಾರೆ, ಶೇಕಡಾ ಬೇಕಾದರೆ ಭಾಗಿಸಿಕೊಳ್ಳುತ್ತಾರೆ. ತೊಡಕು ಬರುವುದು ‘ರಷ್ಟು’ ಎಂಬಲ್ಲಿ. ‘ರೆಪೊ ದರ ಶೇ 0.50ರಷ್ಟು ಏರಿಕೆ’ ಎಂಬ ಶೀರ್ಷಿಕೆಯನ್ನು ಅಕ್ಷರಶಃ ಓದಿದರೆ 4.40 ಇದ್ದದ್ದು 4.422 ಆಗಬೇಕು. ಬರೆದವರ ಮನಸ್ಸಿನಲ್ಲಿರುವುದು 4.90. ರೂಢಿ ಬಲ್ಲವರು ಸರಿಯಾಗೇ ಓದಿಕೊಳ್ಳುತ್ತಾರೆ ಎಂಬುದು ನಿಜ, ಆದರೆ ಸಂಬಳಕ್ಕೆ, ಬಾಡಿಗೆಗೆ, ಬೆಲೆಗೆ ‘ರಷ್ಟು’ ಬಳಸುವಾಗ ಒಂದರ್ಥ, ದರಗಳಿಗೆ ಬಳಸುವಾಗ ಇನ್ನೊಂದರ್ಥ ಎಂದು ಓದುಗರು ಊಹಿಸಬೇಕಾಗಿ ಬರುವುದು ನ್ಯಾಯವಲ್ಲ. ಕೈಸಾಲದವರ ‘ಎರಡು ರೂಪಾಯಿ’, ‘ಮೂರು ರೂಪಾಯಿ’ ಮಾತಿನಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ. ಅಲ್ಲಿ ಅಂಶಕ್ಕೆ ರೂಪಾಯಿ ಎಂಬ ಹೆಸರಿದೆ, ಪಾಲಿಗೆ ಪಟ್ಟು ಎಂಬ ಹೆಸರಿದೆ. ಎರಡಕ್ಕೂ ಒಂದೇ ‘ಪರ್ಸೆಂಟು’ ಹೊದಿಸಿದವರು ನಾವು.

ದರ ಎಂದರೆ ಬಡ್ಡಿಯೊಂದೇ ಅಲ್ಲ. ಪರೀಕ್ಷೆಯ ಫಲಿತಾಂಶವೂ ಒಂದು ದರವೇ, ಮತ್ತು ಅಲ್ಲಿ ಈ ವಿಷಯ ಇನ್ನೊಂದು ಮುಖ ತೋರಿಸುತ್ತದೆ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರ ಮೊದಲ ಪರೀಕ್ಷೆಯಲ್ಲಿ ಅದು ಶೇ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ಕಣ್ಣಿಡಲಾಗಿತ್ತು. ಫಲಿತಾಂಶ ಕುಸಿದದ್ದನ್ನು ನೋಡಿ ಕೃಪಾಂಕದ ಮಿತಿಯನ್ನೂ ಹೆಚ್ಚಿಸಲಾಗಿತ್ತು. ಕುಸಿತ ಎಷ್ಟು? ಕಳೆದರೆ 10.49 ಅಂಶ. ‘ಫಲಿತಾಂಶದಲ್ಲಿ ಶೇ 10ರಷ್ಟು ಕುಸಿತ’ ಎಂದು ಜನ ಆಡಿಕೊಂಡದ್ದು ಇದನ್ನೇ. ಹಿಂದಿನ ವರ್ಷದ ಉತ್ತೀರ್ಣತೆಗೆ ಹೋಲಿಸಿದರೆ ಇಳಿಕೆ ಶೇ 12.5. ಹತ್ತೂವರೆ, ಹನ್ನೆರಡೂವರೆ, ಅಷ್ಟೇನೂ ದೂರವಿಲ್ಲ, ಹೇಗೆ ಹೇಳಿದರೇನು ಎನಿಸಬಹುದು.

ಈಗ ಅದೇ ಫಲಿತಾಂಶವನ್ನು ಫೇಲಾದವರ ಕಡೆಯಿಂದ ನೋಡಿ. 2023ರಲ್ಲಿ ನೂರಕ್ಕೆ 16.11 ಮಕ್ಕಳು ಅನುತ್ತೀರ್ಣರು. 2024ರಲ್ಲಿ 26.60. ಅಂತರ ಮತ್ತೆ ಅದೇ 10.49 ಅಂಶ, ಏಕೆಂದರೆ ಆ ಕಡೆ ಕಳೆದದ್ದೇ ಈ ಕಡೆ ಕೂಡಿದೆ. ಆದರೆ ಹಳೆಯ 16.11ಕ್ಕೆ ಹೋಲಿಸಿದರೆ ಏರಿಕೆ ಶೇ 65. ಒಂದೇ ಪರೀಕ್ಷೆ, ಅದೇ ಮಕ್ಕಳು. ಪಾಸಾದವರ ಪಾಲು ಶೇ 12.5ರಷ್ಟು ಇಳಿಯಿತು ಎನ್ನಬಹುದು, ಫೇಲಾದವರ ಪಾಲು ಶೇ 65ರಷ್ಟು ಏರಿತು ಎಂದೂ ಎನ್ನಬಹುದು. ಸಮಾಧಾನ ಹೇಳಬೇಕಾದವರು ಮೊದಲನೆಯದನ್ನು ಹಿಡಿಯುತ್ತಾರೆ, ಗದ್ದಲ ಎಬ್ಬಿಸಬೇಕಾದವರು ಎರಡನೆಯದನ್ನು. ಎರಡೂ ಕಡೆ ಸಂಖ್ಯೆ ತಿರುಚಿಲ್ಲ. ನೂರನ್ನು ಎಲ್ಲಿಂದ ತೆಗೆದುಕೊಂಡರು ಎಂಬುದಷ್ಟೇ ವ್ಯತ್ಯಾಸ. ಪಾಯ ಚಿಕ್ಕದಾದಷ್ಟೂ ಶೇಕಡಾ ಬದಲಾವಣೆ ದೊಡ್ಡದಾಗಿ ಕಾಣುತ್ತದೆ.

ಯಾದಗಿರಿ ಜಿಲ್ಲೆಯಲ್ಲಿ ಇದು ಇನ್ನೂ ಎದೆಗೆ ತಟ್ಟುವಂತಿದೆ. ಆ ಜಿಲ್ಲೆಯ ಫಲಿತಾಂಶ 2023ರಲ್ಲಿ ಶೇ 75.49, ಮರುವರ್ಷ ಶೇ 50.59. ಇಳಿಕೆ ಸುಮಾರು 25 ಅಂಶ. ಪಾಸಾದವರ ಪಾಲಿನಲ್ಲಿ ಮೂರನೆಯ ಒಂದು ಭಾಗ ಹೋಯಿತು. ಫೇಲಾದವರ ಪಾಲು ನೂರಕ್ಕೆ ಇಪ್ಪತ್ತನಾಲ್ಕೂವರೆಯಿಂದ ನಲವತ್ತೊಂಬತ್ತೂವರೆಯ ಹತ್ತಿರಕ್ಕೆ ಬಂದು ದುಪ್ಪಟ್ಟಾಯಿತು. ಆ ಜಿಲ್ಲೆಯ ಮೇಷ್ಟರಿಗೆ ಈ ಮೂರರಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ? ಅವರ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಇಪ್ಪತ್ತೈದು ಅಂಶವೆಂದರೆ ಹತ್ತು ಮಕ್ಕಳು. ಹೋದ ವರ್ಷದ ಪ್ರಮಾಣದಲ್ಲಾಗಿದ್ದರೆ ದಾಟಿಬಿಡುತ್ತಿದ್ದ ಹತ್ತು ಮಕ್ಕಳು ಈ ಸಲ ನಿಂತುಬಿಟ್ಟರು. ಅಂಶವನ್ನು ತಲೆಗಳಿಗೆ ಇಳಿಸುವುದು ಇಷ್ಟು ಸುಲಭ, ಒಟ್ಟು ಸಂಖ್ಯೆಯಿಂದ ಗುಣಿಸಿದರಾಯಿತು. 2024ರಲ್ಲಿ ರಾಜ್ಯದಲ್ಲಿ ಪರೀಕ್ಷೆ ಬರೆದವರು 8,59,967 ಮಂದಿ. ಒಂದು ಅಂಶವೆಂದರೆ ಹೆಚ್ಚುಕಡಿಮೆ ಎಂಟು ಸಾವಿರದ ಆರುನೂರು ಮಕ್ಕಳು. ಹಾಗಾಗಿ ಮುಂದಿನ ಪೂರಕ ತರಗತಿಗೆ ಎಷ್ಟು ಬೆಂಚು, ಎಷ್ಟು ಮೇಷ್ಟರು ಬೇಕು ಎಂದು ಯೋಚಿಸುವವರಿಗೆ ಬೇಕಾದದ್ದು ಅಂಶ. ಹಿಂದಿನ ವರ್ಷಕ್ಕಿಂತ ಹೊರೆ ಎಷ್ಟು ಪಟ್ಟು ಹೆಚ್ಚಿತು ಎಂದು ಕೇಳುವವರಿಗೆ ಫೇಲಾದವರ ಶೇಕಡಾ ಏರಿಕೆ.

ಅಂಶದ ಲೆಕ್ಕಕ್ಕೂ ಮಿತಿಯಿದೆ. ಅದು ಪಾಯವನ್ನು ಮರೆಸುತ್ತದೆ. ‘ಒಂದು ಅಂಶ ಏರಿತು’ ಎಂಬ ಮಾತು ಒಂದರಿಂದ ಎರಡಕ್ಕೆ ಹೋದದ್ದಕ್ಕೂ ಅದೇ, ತೊಂಬತ್ತರಿಂದ ತೊಂಬತ್ತೊಂದಕ್ಕೆ ಹೋದದ್ದಕ್ಕೂ ಅದೇ. ಮೊದಲನೆಯದರಲ್ಲಿ ಇದ್ದದ್ದು ಇಮ್ಮಡಿಯಾಗಿದೆ, ಎರಡನೆಯದರಲ್ಲಿ ಅಲುಗಿದಂತೆಯೂ ಇಲ್ಲ. ಶೇಕಡಾ ಬದಲಾವಣೆಗೆ ಇನ್ನೊಂದು ಕಾಟ: ಹತ್ತುವ ದಾರಿ, ಇಳಿಯುವ ದಾರಿ ಒಂದೇ ಆಗಿರುವುದಿಲ್ಲ. ನಾಲ್ಕರಿಂದ ಆರೂವರೆಗೆ ಹತ್ತಿದರೆ ಶೇ 62.5ರಷ್ಟು ಏರಿಕೆ, ಅದೇ ಆರೂವರೆಯಿಂದ ನಾಲ್ಕಕ್ಕೆ ಮರಳಿದರೆ ಶೇ 38.5ರಷ್ಟೇ ಇಳಿಕೆ. ನಿಂತ ಜಾಗ ಮೊದಲಿನದೇ, ಆದರೆ ಸಂಖ್ಯೆಗಳನ್ನಷ್ಟೇ ಕೇಳಿದವರಿಗೆ ಪೂರ್ತಿ ಇಳಿದೇ ಇಲ್ಲ ಎನಿಸುತ್ತದೆ. ಅಂಶದಲ್ಲಿ ಹೇಳಿದರೆ ಎರಡೂವರೆ ಹತ್ತಿತು, ಎರಡೂವರೆ ಇಳಿಯಿತು.

ಹಾಗಾದರೆ ಒಂದು ವಾಕ್ಯ ಕಣ್ಣಿಗೆ ಬಿದ್ದಾಗ ಅದು ಯಾವುದೆಂದು ತಿಳಿಯುವುದು ಹೇಗೆ? ಎರಡೂ ತುದಿಗಳನ್ನು ಹುಡುಕುವುದು, ಅಂದರೆ ಎಷ್ಟರಿಂದ ಎಷ್ಟಕ್ಕೆ ಎಂದು ನೋಡುವುದು. ಒಂದು ತುದಿಯಾದರೂ ಸಿಕ್ಕರೆ ಎರಡೂ ಓದುಗಳನ್ನು ಹಾಕಿ ಯಾವುದು ಹೊಂದುತ್ತದೆ ಎಂದು ಪರೀಕ್ಷಿಸಬಹುದು. ರೆಪೊ ದರ 4.422 ಆಗುವುದಿಲ್ಲ, ಅದು ಬಹುಮಟ್ಟಿಗೆ ಕಾಲು, ಅರ್ಧ ಅಂಶಗಳಲ್ಲಿ ನಡೆಯುತ್ತದೆ ಎಂದು ಬಲ್ಲವರಿಗೆ ಅನುಮಾನ ಬಾರದು. ಎರಡೂ ತುದಿ ಇಲ್ಲದೆ ‘ಶೇ 20ರಷ್ಟು ಸುಧಾರಣೆ’ ಎಂದು ಯಾವುದಾದರೂ ಟ್ಯೂಷನ್ ಕೇಂದ್ರ ಫಲಕ ಹಾಕಿದ್ದರೆ ಅದರಿಂದ ಏನನ್ನೂ ತಿಳಿಯಲಾಗುವುದಿಲ್ಲ. ಐವತ್ತರಿಂದ ಎಪ್ಪತ್ತಕ್ಕೆ ಹೋಗಿರಬಹುದು, ಐವತ್ತರಿಂದ ಅರವತ್ತಕ್ಕೂ ಹೋಗಿರಬಹುದು. ಮೊದಲನೆಯದು ಇಪ್ಪತ್ತು ಅಂಶ, ಎರಡನೆಯದು ಶೇ 20. ಅಲ್ಲಿ ನಿಂತು ‘ಎಷ್ಟಿತ್ತು, ಎಷ್ಟಾಯಿತು?’ ಎಂದು ಕೇಳುವುದೊಂದೇ ದಾರಿ.

2025ರಲ್ಲಿ ಗಾಳಿ ಈ ಕಡೆಗೆ ಬೀಸಿತು. ರೆಪೊ ದರ ಫೆಬ್ರುವರಿಯಲ್ಲಿ 6.25ಕ್ಕೆ, ಏಪ್ರಿಲ್‌ನಲ್ಲಿ 6ಕ್ಕೆ, ಜೂನ್ 6ರಂದು 5.50ಕ್ಕೆ ಇಳಿಯಿತು. ನಾಲ್ಕು ತಿಂಗಳಲ್ಲಿ ಒಂದು ಅಂಶ. ಭಾವ ಫೋನು ಮಾಡಿದರು. ಈ ಸಲ ‘ಒಂದು ಪರ್ಸೆಂಟು ಇಳೀತು’ ಎನ್ನಲಿಲ್ಲ. “ಒಂಬತ್ತು ಹದಿನೈದರಿಂದ ಎಂಟು ಹದಿನೈದಕ್ಕೆ ಬರುತ್ತಲ್ಲ, ಕಂತು ಎಷ್ಟಾಗುತ್ತೆ ಲೆಕ್ಕ ಹಾಕು” ಎಂದರು. ನಮ್ಮ ಮೂವತ್ತು ಲಕ್ಷದ ಲೆಕ್ಕದಲ್ಲಿ 27,282 ಇದ್ದದ್ದು 25,374ಕ್ಕೆ ಬರುತ್ತದೆ. 1,908 ರೂಪಾಯಿ ಉಳಿತಾಯ, ಶೇ 7ರಷ್ಟು. ಹಳೆಯ ರೀತಿಯಲ್ಲಿ ಲೆಕ್ಕ ಹಾಕಿದ್ದರೆ 273 ರೂಪಾಯಿ ಉಳಿಯುತ್ತದೆ ಎಂದುಕೊಂಡು, ಬ್ಯಾಂಕು ದರ ಇಳಿಸಿದೆಯೋ ಇಲ್ಲವೋ ಎಂದು ವಿಚಾರಿಸುವ ಗೋಜಿಗೂ ಅವರು ಹೋಗುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಅವರಿಗೆ ಸಾಲವಿಲ್ಲ, ಹತ್ತು ಲಕ್ಷದ ಠೇವಣಿ ಇದೆ, ಅದರ ತಿಂಗಳ ಬಡ್ಡಿಯೇ ಕೈಖರ್ಚು. ಠೇವಣಿಯ ಅವಧಿ ಮುಗಿದು ಹೊಸದಾಗಿ ಇಡಲು ಹೋದಾಗ ಕೌಂಟರಿನಲ್ಲಿ, “ಅಮ್ಮಾ, ಒಂದೇ ಪರ್ಸೆಂಟು ಕಮ್ಮಿಯಾಗಿರೋದು” ಎಂದು ಸಮಾಧಾನ ಹೇಳಿ ಕಳಿಸಿದ್ದರು. ದರ ಏಳರಿಂದ ಆರಕ್ಕೆ ಬಂದಿತ್ತು. ಠೇವಣಿಯ ಆದಾಯದಲ್ಲಿ ಕಂತಿನಲ್ಲಿರುವಂತೆ ಅಸಲಿನ ತುಣುಕು ಬೆರೆತಿರುವುದಿಲ್ಲ, ಬಡ್ಡಿಯೇ ಪೂರ್ತಿ ಆದಾಯ; ಹಾಗಾಗಿ ದರದಲ್ಲಿ ಏಳನೆಯ ಒಂದು ಪಾಲು ಹೋದರೆ ಆದಾಯದಲ್ಲೂ ಏಳನೆಯ ಒಂದು ಪಾಲು ಹೋಗುತ್ತದೆ. ವರ್ಷಕ್ಕೆ ಎಪ್ಪತ್ತು ಸಾವಿರ ಬರುತ್ತಿದ್ದದ್ದು ಅರವತ್ತಾಯಿತು. ತಿಂಗಳಿಗೆ 5,833 ರೂಪಾಯಿ ಇದ್ದದ್ದು 5,000.

“ಒಂದು ಪರ್ಸೆಂಟು ಅಂದ್ರೆ ಐವತ್ತೋ ಅರವತ್ತೋ ರೂಪಾಯಿ ಅಲ್ವಾ? ಎಂಟುನೂರು ಹೇಗೆ ಕಮ್ಮಿ ಬಂತು?” ಎಂದು ಪಾಸ್‌ಬುಕ್ ಹಿಡಿದು ಅವರು ನಮ್ಮ ಮನೆಗೆ ಬಂದರು. ನಾನು ಕಾಗದದ ಮೇಲೆ ‘7ರಿಂದ 6ಕ್ಕೆ’ ಎಂದು ಬರೆದು ಅವರ ಮುಂದಿಟ್ಟೆ. ನಲವತ್ತು ವರ್ಷ ಮಕ್ಕಳಿಗೆ ಭಿನ್ನರಾಶಿ ಕಲಿಸಿದವರು ಅವರು. ಒಂದು ಕ್ಷಣ ನೋಡಿ, “ಓ, ಏಳರಲ್ಲಿ ಒಂದು” ಎಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, ಬಿ.ಪಿ. ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಬೆರಳಲ್ಲಿ ಎಣಿಸತೊಡಗಿದರು.